ಹೂವಿನ ಲೆಕ್ಕ ಮತ್ತು ಮುನ್ನೂರು ಗಂಟೆ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಕೆಲವು ವರ್ಷಗಳ ಮೇಲೆ, ಸೋಮವಾರಪೇಟೆಯ ಸಮೀಪ ಕಾಫಿ ತೋಟ ಮಾಡಿಕೊಂಡಿದ್ದ ನನ್ನ ತಂಗಿಯ ಗಂಡ ಮೈಸೂರಿನಿಂದ ಒಂದು ಟ್ರಾನ್ಸಿಸ್ಟರ್ ರೇಡಿಯೋ ತಂದರು. ಅದಕ್ಕೆ ಕಾರಣವಿತ್ತು. ಅವರ ಮಗ ರಾಜ್ಯದ ಹಾಕಿ ತಂಡಕ್ಕೆ ಆಯ್ಕೆಯಾಗಿದ್ದ. ಹೊರದೇಶದ ತಂಡವೊಂದರ ಎದುರು ಅವರು ಆಡಲಿದ್ದ ಪಂದ್ಯದ ವಿವರಣೆ ರೇಡಿಯೋದಲ್ಲಿ ಬರುವುದಿತ್ತು. ಇಂಗ್ಲಿಷಿನ ಗಂಧವಿಲ್ಲದ ನನ್ನ ತಂಗಿಗೆ ಆಟ ಬೇಕಿರಲಿಲ್ಲ. ಆ ಪೆಟ್ಟಿಗೆಯೊಳಗಿನಿಂದ ಮಗನ ಹೆಸರು ಒಂದು ಸಲ ಕೇಳಿಬಂದರೆ ಸಾಕಿತ್ತು.

ರೇಡಿಯೋದ ಜೊತೆಗೆ ಬಂದಿದ್ದ ಕಾಗದದಲ್ಲಿ, ಬ್ಯಾಟರಿ ‘ಮುನ್ನೂರು ಗಂಟೆಗಳವರೆಗೆ’ ಬಾಳುತ್ತದೆಂದು ದಪ್ಪಕ್ಷರದಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಆಗ ಅವರ ಮನೆಯಲ್ಲೇ ಉಳಿದಿದ್ದ ನನ್ನಂತೆ, ನಿಘಂಟನ್ನು ಮಗ್ಗುಲಲ್ಲಿಟ್ಟುಕೊಂಡು ಇಂಗ್ಲಿಷ್ ಕಲಿತವನಿಗೆ ಸಣ್ಣಕ್ಷರಗಳನ್ನೂ ಬಿಡದೆ ಓದುವ ಚಟ ಅಂಟಿಕೊಂಡಿರುತ್ತದೆ. ಕೆಳಗೆ ಇರುವೆಯ ಸಾಲಿನಂತೆ ಇನ್ನೊಂದು ಮಾತಿತ್ತು: ದಿನಕ್ಕೆ ನಾಲ್ಕು ಗಂಟೆ, ತಗ್ಗಿದ ದನಿಯಲ್ಲಿ, ಹೊಸ ಬ್ಯಾಟರಿಯಿಂದ.

ಭಾವನವರು ಅದನ್ನು ಓದುವ ಗೋಜಿಗೆ ಹೋಗಲಿಲ್ಲ. ಹಣ್ಣು ಕೊಯ್ಯುವ ಕಾಲ. ಬೆಳಗಿನಿಂದ ಸಂಜೆಯವರೆಗೆ ರೇಡಿಯೋ ಕಣದ ಕಟ್ಟೆಯ ಮೇಲೆ ಕುಳಿತು, ದೂರದ ಸಾಲಿನಲ್ಲಿ ಕೊಯ್ಯುವವರಿಗೂ ಕೇಳುವಂತೆ ಅರಚುತ್ತಿತ್ತು. ಊಟದ ಹೊತ್ತಿನಲ್ಲೂ ಅದಕ್ಕೆ ಬಿಡುವಿರಲಿಲ್ಲ. ಬ್ಯಾಟರಿಗೆ ನಡುವೆ ವಿಶ್ರಾಂತಿ ಸಿಕ್ಕಿದರೆ ಕೊಂಚ ಚೇತರಿಸಿಕೊಳ್ಳುತ್ತದೆ, ದನಿ ಏರಿದಷ್ಟೂ ಬೇಗ ಬಸವಳಿಯುತ್ತದೆ ಎಂದು ನಾನು ವಿವರಿಸಿದೆ. ಈ ರೀತಿಯಲ್ಲಿ ನೂರು ಗಂಟೆ ನಡೆದರೆ ಹೆಚ್ಚು, ಪಂದ್ಯದ ಹೊತ್ತಿಗೆ ಮುಗಿದುಹೋದೀತು ಎಂದೂ ಹೇಳಿದೆ.

“ಏನ್ ಭಾವ, ಅಚ್ಚಾಗಿರೋದನ್ನೂ ನಂಬಲ್ವಾ ನೀವು?” ಎಂದು ಅವರು ನನ್ನನ್ನೇ ಕೇಳಿದರು.

“ಹೂ ನೋಡಿ ಫಸಲು ಹೇಳೋ ಸಾಬರನ್ನ ನೀವು ನಂಬ್ತೀರಾ?”

ಭಾವನವರು ಮಾತು ಬದಲಿಸಿದರು. ಈ ಸಾಬರು ಕಾಫಿ ಹೂ ಬಿಟ್ಟಾಗ ತೋಟಕ್ಕೆ ಬರುವ ವ್ಯಾಪಾರಿ; ಪ್ರತಿ ವರ್ಷವೂ ‘ಇಷ್ಟು ಮೂಟೆಯವರೆಗೆ ಬರ್ತದೆ’ ಎನ್ನುತ್ತಿದ್ದರು. ಭಾವನವರು ಮಳೆಗೆ ಉದುರುವುದನ್ನು ಕಳೆದು, ಕಾಂಡ ಕೊರೆಯುವ ಹುಳುವಿಗೆ ಸೊರಗುವ ಗಿಡಗಳನ್ನು ಕಳೆದು, ಒಣಗಿದ ಮೇಲೆ ಇಳಿಯುವ ತೂಕವನ್ನೂ ಕಳೆದು, ತಮ್ಮದೇ ಒಂದು ಲೆಕ್ಕ ಹೇಳುತ್ತಿದ್ದರು. ಅದು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತಿತ್ತು. ಗಿಡದ ‘ವರೆಗೆ’ಯಲ್ಲಿ ಇಷ್ಟು ಜಾಣರಾದವರು ಕಾಗದದ ‘ವರೆಗೆ’ಯ ಮುಂದೆ ಕೈಕಟ್ಟಿ ನಿಂತದ್ದು ನನಗೆ ಇಂದಿಗೂ ಸೋಜಿಗವೇ.

ಪಂದ್ಯದ ಹಿಂದಿನ ದಿನ ರೇಡಿಯೋ ಗೊರಗುಟ್ಟಿತು. ದನಿ ಏರಿಸಿದರೆ ಒಡೆದ ಮಡಕೆಯ ಸದ್ದು, ಇಳಿಸಿದರೆ ಸೊಳ್ಳೆಯ ಗುಂಯ್. ಅದರ ಬ್ಯಾಟರಿ ಟಾರ್ಚಿನ ಸೆಲ್ಲಲ್ಲ, ಇಟ್ಟಿಗೆಯಂಥ ಒಂದೇ ಪೆಟ್ಟಿಗೆ. ಸೋಮವಾರಪೇಟೆಯ ಅಂಗಡಿಯವರು ಮೈಸೂರಿನಿಂದ ತರಿಸಬೇಕು, ವಾರವಾದರೂ ಆಗುತ್ತದೆ ಎಂದರು. ಆ ರಾತ್ರಿ ತಂಗಿ ಗಂಡನಿಗೆ ಬಡಿಸಿದ ಸಾರಿನಲ್ಲಿ ಉಪ್ಪಿರಲಿಲ್ಲ; ಭಾವನವರು ಅದನ್ನು ಮೆಚ್ಚಿಕೊಂಡು ಉಂಡರು.

ಮರುದಿನ ಬೆಳಿಗ್ಗೆ ನೋಡಿದರೆ, ಕಣದಲ್ಲಿ ಹರವಿದ್ದ ಕಾಫಿಯ ನಡುವೆ, ಬಿಸಿಲು ಮೊದಲು ಬೀಳುವ ಮೂಲೆಯಲ್ಲಿ ಬ್ಯಾಟರಿಯೂ ಒಣಗುತ್ತಿತ್ತು. ಭಾವನವರು ಕೈಯಲ್ಲಿ ಹಲಗೆ ಹಿಡಿದು, ಕಾಫಿಯನ್ನು ಮಗುಚುವಾಗಲೆಲ್ಲ ಅದನ್ನೂ ಮಗುಚುತ್ತಿದ್ದರು. ನಾನು ನಗಲಿಲ್ಲ. ಬೆಚ್ಚಗಾದ ಬ್ಯಾಟರಿ ಸ್ವಲ್ಪ ಹೊತ್ತು ಉಸಿರು ಹಿಡಿಯುವುದುಂಟು; ಹೊಸ ಜೀವವೇನೂ ಬರುವುದಿಲ್ಲ. ಅದನ್ನಷ್ಟೇ ಹೇಳಿ, ಮೊದಲರ್ಧವನ್ನು ಬಿಟ್ಟುಕೊಡೋಣ, ವಿರಾಮದ ನಂತರ ಹಚ್ಚೋಣ, ದನಿಯನ್ನು ಪಿಸುಮಾತಿಗಿಂತ ಏರಿಸುವುದು ಬೇಡ ಎಂದು ಕರಾರು ಹಾಕಿದೆ. ಭಾವನವರು ಈ ಸಲ ಏನನ್ನೂ ಕಳೆಯದೆ ಒಪ್ಪಿದರು.

ವಿರಾಮ ಮುಗಿಯುವ ಹೊತ್ತಿಗೆ ನಾವು ಮೂವರೂ ಮೇಜಿನ ಮೇಲೆ ತಲೆ ತಾಗಿಸಿ ಕುಳಿತೆವು. ಯಾರಾದರೂ ನೋಡಿದ್ದರೆ ಮೂರು ಜನಕ್ಕೂ ಒಂದೇ ಕಿವಿನೋವೆಂದು ಮರುಗುತ್ತಿದ್ದರು. ವಿವರಣೆಗಾರನ ಇಂಗ್ಲಿಷ್ ಬಾವಿಯ ತಳದಿಂದ ಬಂದಂತೆ ಬರುತ್ತಿತ್ತು. ಭಾವನವರ ಬೆರಳು ಎರಡು ಬಾರಿ ದನಿಯ ತಿರುಪಿನತ್ತ ಹೋಯಿತು. ಎರಡು ಬಾರಿಯೂ ತಂಗಿ ಅದರ ಮೇಲೆ ಏಟು ಕೊಟ್ಟಳು. ಬಹಳ ಹೊತ್ತು ಯಾರ್ಯಾರದೋ ಹೆಸರುಗಳು ಹಾದುಹೋದವು. ದನಿ ಇನ್ನಷ್ಟು ತೆಳುವಾಯಿತು. ಆಗ, ತಲೆಕೆಳಗು ಮಾಡಿ ಉಚ್ಚರಿಸಿದರೂ ಗುರುತು ಸಿಗುವಂತೆ, ಒಂದು ಹೆಸರು ಬಂತು. ಅದರ ಹಿಂದೆಯೇ ಜನರ ಕೂಗೆದ್ದಿತು, ಮತ್ತೆ ಏನೂ ಇಲ್ಲ. ರೇಡಿಯೋ ನಿಂತುಹೋಗಿತ್ತು.

“ಗೋಲಾ? ತಪ್ಪೋಯ್ತಾ?” ಭಾವನವರು ಪೆಟ್ಟಿಗೆಯನ್ನು ಕುಲುಕಿದರು.

“ಬಿಡ್ರೀ, ಅದನ್ನ ಯಾಕ್ ಅಲ್ಲಾಡಿಸ್ತೀರ,” ಎಂದು ತಂಗಿ ಎದ್ದಳು. “ಹೆಸರು ಕರೆದ್ರಲ್ಲ.”

ಗೋಲೋ ಅಲ್ಲವೋ ಎಂಬುದು ಮರುದಿನದ ಬಸ್ಸಿನಲ್ಲಿ ಪತ್ರಿಕೆ ಬರುವವರೆಗೆ ತಿಳಿಯಲಿಲ್ಲ. ಆದರೆ ಭಾವನವರು ಪಂದ್ಯದ ದಿನ ಸಂಜೆಯೇ ರೇಡಿಯೋದ ಆ ಕಾಗದವನ್ನು ತೆಗೆದು, ಮುನ್ನೂರರ ಮುಂದೆ ಪೆನ್ಸಿಲಿನಿಂದ ‘ಹೂವಿನ ಲೆಕ್ಕ’ ಎಂದು ಬರೆದರು. ರಾತ್ರಿಯ ಸಾರಿನಲ್ಲಿ ಉಪ್ಪು ಹದವಾಗಿತ್ತು.