ಮೂವರಿಗೆ ಮೂರು ಥ್ಯಾಂಕ್ಸು

ಸೌಂದರ್ಯಾ ಕೆಜಿಎಫ್‌ನ ಊರಿಗಾಂನಲ್ಲಿ ರೈಲು ಹತ್ತೋಳು, ನಾನು ಬಂಗಾರಪೇಟೆಯಲ್ಲಿ. ಇಬ್ಬರದೂ ವೈಟ್‌ಫೀಲ್ಡ್ ಕಡೆ ಫ್ಯಾಕ್ಟರಿ ಕೆಲಸ. ಅವಳದು ಕ್ವಾಲಿಟಿ ಚೆಕಿಂಗು, ನನ್ನದು ಸ್ಟೋರು. ವರ್ಷಗಟ್ಟಲೆ ರೈಲಲ್ಲಿ ಕೂತಲ್ಲೇ ತೂಕಡಿಸಿ ನಮ್ಮ ಕತ್ತೇ ಸೊಟ್ಟಗಾಗೈತೆ. ಮೊನ್ನೆ ಕೆಜಿಎಫ್‌ನಲ್ಲೇ ಒಂದು ಫ್ಯಾಕ್ಟರಿಯವರು ಅವಳನ್ನ ಇಂಟರ್‌ವ್ಯೂಗೆ ಕರೆದರು. ಸಿಕ್ಕಿದರೆ ಮನೆಯಿಂದ ನಡಕೊಂಡೇ ಓಗಬಹುದು. ಸಂಬಳ ಗಿಂಬಳ ಆಮೇಲೆ, ಈ ಓಡಾಟ ತಪ್ಪಿದರೆ ಸಾಕು ಅವಳಿಗೆ.

ಇಂಟರ್‌ವ್ಯೂ ಮುಗಿದ ಮಾರನೇ ದಿನ ಬೆಳಿಗ್ಗೆ ರೈಲಲ್ಲಿ ಮೊಬೈಲ್ ನನ್ನ ಮುಂದೆ ಹಿಡಿದಳು. "ಅಕ್ಕ, ಇಂಟರ್‌ವ್ಯೂ ಮಾಡಿದ ಮೂವರಿಗೂ ಥ್ಯಾಂಕ್ಸ್ ಮೇಲ್ ಕಳಿಸ್ತೀನಿ. ವಸಿ ನೋಡಿ."

ಓದಿದೆ. ಡಿಪ್ಲೊಮಾ, ಅನುಭವ, ಪ್ರಾಮಾಣಿಕಳು, ಕಷ್ಟಪಡ್ತೀನಿ. ಕೊನೆಗೆ, ರೈಲಲ್ಲಿ ಓಡಾಡಿ ಸಾಕಾಗಿದೆ, ದಯಮಾಡಿ ಕೆಲಸ ಕೊಡಿ. ಮೂವರಿಗೂ ಅದೇ.

"ಅಯ್ಯೋ ನಿನ್ನ! ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಆದೆಯಲ್ಲೇ! ಇದನ್ನೆಲ್ಲಾ ಬಯೋಡೇಟದಲ್ಲಿ ಓದವ್ರೆ, ಎದುರಿಗೂ ಕೇಳವ್ರೆ. ಮೂವರೂ ಪಕ್ಕಪಕ್ಕ ಕುಂತು ಕೆಲಸ ಮಾಡೋರು, ಒಬ್ಬರ ಮೇಲ್ ಇನ್ನೊಬ್ಬರು ನೋಡಲ್ವಾ?"

ಮಾಲೂರಿನವರೆಗೂ ಮುಖ ಊದಿಸಿಕೊಂಡೇ ಕೂತಳು. ಆಮೇಲೆ ಅಂದಳು: "ಒಂದು ಮಾತು ಮನಸ್ಸಲ್ಲಿ ಕುಟುಕ್ತಾನೇ ಐತೆ ಅಕ್ಕ. ಪ್ರೊಡಕ್ಷನ್ ಮ್ಯಾನೇಜರು ಚೆನ್ನಕೇಶವ ಸಾರ್ ಕೇಳಿದ್ರು, ನೀವು ತಡೆದ ಮಾಲನ್ನ ಲಾರಿಗೆ ತುಂಬಿ ಅಂತ ಮೇಲಿನೋರು ಕೂಗಾಡಿದ್ರೆ ಏನ್ಮಾಡ್ತೀರಿ ಅಂತ. 'ತಡೀತೀನಿ ಸಾರ್' ಅಂದೆ, ಅಷ್ಟೇ. ಓದ ವರ್ಷ ನಿಜವಾಗ್ಲೂ ಅಂಗೇ ಆಗಿತ್ತು. ಬಾಯಿಗೇ ಬರಲಿಲ್ಲ."

"ಅದನ್ನ ಬರಿ. ಅವರಿಗಷ್ಟೇ."

ಬರೆದಳು. ಆ ಪ್ರಶ್ನೆ ಕೇಳಿದ್ದಕ್ಕೆ ಧನ್ಯವಾದ. ಅವತ್ತು ಪೂರಾ ಲೋಡ್ ತಡೀಲಿಲ್ಲ, ಒಂದೊಂದೇ ಅಳೆದು ಸರಿ ಇದ್ದದ್ದನ್ನ ಕಳಿಸಿ ಮಿಕ್ಕಿದ್ದನ್ನ ಬೇರೆ ಇಟ್ಟೆ, ನಿಮ್ಮಲ್ಲೂ ಹಾಗೇ ಮಾಡ್ತೀನಿ ಅಂತ. ಎಚ್‌ಆರ್ ಭಾನುಪ್ರಿಯ ಮೇಡಂಗೆ, ಶಿಫ್ಟಿನ ವಿಷಯ ಬಿಡಿಸಿ ಹೇಳಿದ್ದಕ್ಕೆ ಥ್ಯಾಂಕ್ಸು, ಮನೆ ಹತ್ತಿರವಾದ್ದರಿಂದ ಯಾವ ಶಿಫ್ಟಾದರೂ ಸರಿ ಅಂತ. ಕ್ವಾಲಿಟಿ ಹೆಡ್ ರವಿಕಿರಣ್ ಅವರಿಗೆ, ನೀವು ತೋರಿಸಿದ ಹೊಸ ಅಳತೆ ಮೆಶೀನು ನನಗೆ ಬರಲ್ಲ, ಕಲಿಯೋ ಆಸೆ ಇದೆ ಅಂತ. ನಾಲ್ಕು ನಾಲ್ಕು ಸಾಲು, ಸಾಕು. ರೈಲಿನ ಗೋಳು ಅಳಿಸುವಾಗ ಮಾತ್ರ ಕಣ್ಣು ತುಂಬಿಕೊಂಡಳು.

"ನಿಜ ಅಂದ್ರೆ ಇದೊಂದೇ ಅಲ್ವಾ ಅಕ್ಕ?"

ನನ್ನ ನಿಜವೂ ಅದೇ ತಾನೇ.

ಮುಂದಿನ ವಾರ, ಸಂಜೆ ರೈಲಲ್ಲಿ ಫೋನು ಬಂತು. ಗದ್ದಲ ಅಂತ ಸ್ಪೀಕರ್ ಹಾಕಿದಳು. ಚೆನ್ನಕೇಶವ ಅವರು.

"ಮೇಲ್ ಓದಿದೆ ಕಣಮ್ಮ. ಮಿಕ್ಕ ಮಾಲು ತಡೆದಿದ್ದಕ್ಕೆ ನಿಮಗೇನಾಯ್ತು?"

"ಬೈಸ್ಕೊಂಡೆ ಸಾರ್. ಇಂಕ್ರಿಮೆಂಟೂ ನಿಂತೋಯ್ತು."

"ಅದನ್ಯಾಕೆ ಬರೀಲಿಲ್ಲ?"

"ಥ್ಯಾಂಕ್ಸ್ ಹೇಳೋಕೆ ಬರೆದದ್ದು ಸಾರ್."

"ಒಂದನೇ ತಾರೀಖು ಬಂದು ಸೇರ್ಕೊಳ್ಳಿ" ಅಂದರು.

ನನಗೆ ಖುಷಿಯೂ ಆಯ್ತು, ಹೊಟ್ಟೆಯೂ ಉರೀತು. ಸುಳ್ಳು ಯಾಕೆ ಹೇಳಲಿ.

"ಟೀ ಕೊಡಿಸ್ಲಾ ಅಕ್ಕ?" ಅಂದಳು.

"ಏನೂ ಬೇಡ, ಮಲಕ್ಕೊಳ್ಳೇ" ಅಂದೆ.

ನನ್ನ ಹೆಗಲ ಮೇಲೆ ತಲೆ ಇಟ್ಟೋಳು ಬಂಗಾರಪೇಟೆ ಬಂದರೂ ಏಳಲಿಲ್ಲ. ನಾನೂ ಏಳಿಸಲಿಲ್ಲ. ಇಳಿಯದೆ ಊರಿಗಾಂ ತನಕ ಅವಳ ಜೊತೆ ಹೋದೆ.