ಬಸುರಿ-ಬಾಣಂತಿ ಗ್ರೂಪು

ಅಂತರಸಂತೆ ಕಡೆಯ ಎರಡು ಊರಿಗೆ ನಾನು ಆಶಾ ಕಾರ್ಯಕರ್ತೆ. ಯಾರ ಮನೇಲಿ ಯಾರು ಬಸುರಿ, ಯಾವ ಮಗುಗೆ ಯಾವ ಚುಚ್ಚುಮದ್ದು ಬಾಕಿ, ಇದನ್ನ ತಿಳ್ಕೊಂಡಿರೋದೇ ನನ್ನ ಕೆಲಸ. ತಿಳ್ಕೊಂಡು ಬಾಯಿ ಮುಚ್ಕೊಂಡಿರೋದೂ ನನ್ನ ಕೆಲಸವೇ. ಮೊದಲನೇದು ನನಗೆ ಚೆನ್ನಾಗಿ ಬರ್ತಿತ್ತು. ಎರಡನೇದೂ ಬರುತ್ತೆ ಅಂತಲೇ ಅಂದ್ಕೊಂಡಿದ್ದೆ.

ತಿಂಗಳಿಗೊಂದು ದಿನ ನಮ್ಮ ಆಸ್ಪತ್ರೇಲಿ ಬಸುರಿಯರ ತಪಾಸಣೆ. ಡಾಕ್ಟ್ರು ರಜ ಹಾಕಿದ್ರೆ, ದಿನ ಬದಲಾದ್ರೆ, ಮನೆಮನೆಗೆ ಹೋಗಿ ಹೇಳ್ಬೇಕಿತ್ತು. ಒಂದು ಮನೇಲಿ ಕಾಫಿ ಕುಡೀಬೇಕು, ಇನ್ನೊಂದರಲ್ಲಿ ಸೊಸೆಯಿಂದ ಅತ್ತೆ ಮೇಲಿನ ದೂರು ಕೇಳ್ಬೇಕು, ಮುಂದಿನದರಲ್ಲಿ ಅತ್ತೆಯಿಂದ ಸೊಸೆ ಮೇಲಿನ ದೂರು. ಹೊತ್ತು ಮುಳುಗಿದ್ರೂ ಆರು ಮನೆ ಮುಗೀತಿರಲಿಲ್ಲ. ಅದಕ್ಕೇ ವಾಟ್ಸಾಪಲ್ಲಿ ಒಂದು ಗ್ರೂಪ್ ಮಾಡಿ, "ಬಸುರಿ-ಬಾಣಂತಿ" ಅಂತ ಹೆಸರಿಟ್ಟು, ಮೂವತ್ತು ಚಿಲ್ಲರೆ ಜನರನ್ನ ಸೇರಿಸ್ದೆ. ಅವತ್ತು ನಾನು ಗೆದ್ದೆ ಅಂದ್ಕೊಂಡೆ.

ಎಲ್ಲಿ ಗೆಲ್ಲೋದು! "ನಾಳೆ ಹತ್ತು ಗಂಟೆಗೆ ತಪಾಸಣೆ, ತಾಯಿ ಕಾರ್ಡ್ ತನ್ನಿ" ಅಂತ ಹಾಕಿದ್ರೆ ಅದರ ಕೆಳಗೆ ಮೂವತ್ತು "ಓಕೆ ಅಕ್ಕ", ಇಪ್ಪತ್ತು ಕೈಮುಗಿಯೋ ಚಿತ್ರ, ಆಮೇಲೆ ಯಾರೋ "ಎಲ್ರದೂ ಊಟ ಆಯ್ತಾ" ಅನ್ನೋಳು, ಅದಕ್ಕೆ ಹತ್ತು ಉತ್ತರ. ಕೊನೆಗೆ ಒಬ್ಬಳು ಬಂದು "ತಪಾಸಣೆ ಯಾವತ್ತಕ್ಕ?" ಅಂತ ಕೇಳೋಳು. ಹಣೆ ಚಚ್ಕೋಬೇಕು. ಇದರ ಜೊತೆಗೆ ಕೆಲವರದು ಗಂಡನ ಫೋನು. ಅಂಥ ಗಂಡನೊಬ್ಬ ಗ್ರೂಪಲ್ಲಿ ಕಂಡ ನಂಬರಿಗೆಲ್ಲ ಫೋನ್ ಮಾಡಿ "ಯಾರು ಮಾತಾಡೋದು?" ಅಂತ ಕೇಳೋಕೆ ಶುರು ಮಾಡ್ದ. ಅವನ ಮನೆ ಬಾಗಿಲಿಗೇ ಹೋಗಿ ಚೆನ್ನಾಗಿ ಉಗಿದು, ಗ್ರೂಪಿಂದ ತೆಗೆದು ಹಾಕ್ದೆ. ಆದ್ರೆ ನಂಬರು ಅವನ ಹತ್ರ ಹೋಗಿತ್ತಲ್ಲ, ಅದನ್ನ ತೆಗೆಯೋಕಾಗುತ್ತಾ?

ಆಮೇಲೆ ಅಡ್ಮಿನ್ ಬಿಟ್ಟು ಬೇರೆ ಯಾರೂ ಮೆಸೇಜ್ ಹಾಕದ ಹಾಗೆ ಮಾಡ್ದೆ. ಗ್ರೂಪು ಗಪ್‌ಚುಪ್. ನಮ್ಮ ಆಸ್ಪತ್ರೆಗೆ ಸರಗೂರಿಂದ ಬರ್ತಿದ್ದ ನರ್ಸಮ್ಮನಿಗೆ ಇದನ್ನ ಜಂಬದಿಂದ ತೋರಿಸ್ದೆ. ಚಿಕ್ಕ ವಯಸ್ಸಿನವಳು, ನೇರ ಮಾತು.

"ಅಕ್ಕ, ಬಾಯಿ ಮುಚ್ಚಿಸಿದ್ರಿ, ಕಣ್ಣು ಮುಚ್ಚಿಸಕ್ಕಾಯ್ತದಾ? ಯಾರ್ ಯಾರು ಅವ್ರೆ ಅಂತ ಎಲ್ರಿಗೂ ಅಂಗೇ ಕಾಣ್ತದೆ ಕಣಕ್ಕ. ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ. ನೀವು ಒಂದ್ಸಲ ಕಳಿಸಿದ್ರೆ ಸಾಕು, ಒಬ್ಬೊಬ್ರಿಗೂ ಬೇರೆಬೇರೆಯಾಗಿ ಓಯ್ತದೆ. ಇನ್ಯಾರಿಗೆ ಓಯ್ತು ಅಂತ ಯಾರ್ಗೂ ಗೊತ್ತಾಗಕಿಲ್ಲ."

"ಬುಡವ್ವ, ಈಗ ಸರಿಯಾಗೇ ನಡೀತಾದೆ" ಅಂದೆ. ನಿನ್ನೆ ಬಂದವಳು ನನಗೆ ಹೇಳ್ಕೊಡೋದಾ ಅನ್ನೋ ಕೊಬ್ಬು. ಇದ್ದದ್ದು ಹೇಳ್ತೀನಿ.

ಅದೇ ತಿಂಗಳು ಒಂದು ಮನೆಯ ಕಿರಿಸೊಸೆ ನಮ್ಮ ಹಿತ್ತಿಲ ಬಾಗಿಲಿಗೆ ಬಂದ್ಲು. ಮದುವೆಯಾಗಿ ನಾಲ್ಕು ವರ್ಷ, ಒಂದು ಸಲ ಬಸುರು ಹೋಗಿತ್ತು. ಆ ಮನೆಯ ಹಿರಿಸೊಸೆಗೆ ಎರಡು ಮಕ್ಕಳು, ಚಿಕ್ಕದು ಇನ್ನೂ ಕೈಗೂಸು. ಕಿರಿಸೊಸೆ ನಮ್ಮ ಮನೇಲೇ ಪರೀಕ್ಷೆ ಮಾಡ್ಕೊಂಡ್ಲು. ಎರಡು ಗೆರೆ ಬಂತು. ಸೆರಗು ಬಾಯಿಗಿಟ್ಕೊಂಡ್ಲು.

"ಅಕ್ಕ, ಮೂರು ತಿಂಗಳು ತುಂಬೋಗಂಟ ಯಾರ್ಗೂ ಬ್ಯಾಡ. ನಮ್ಮತ್ತೆಗೂ ಬ್ಯಾಡ" ಅಂದ್ಲು.

ನಮ್ಮ ಕಡೆ ಅದು ಎಲ್ಲರೂ ನಡೆಸೋ ರಿವಾಜು. ಮೂರು ತುಂಬೋ ತನಕ ತಾಯಿಮನೆಗೂ ಹೇಳದೋರಿದ್ದಾರೆ. ನಾನೂ "ಇಲ್ಲ ಕಣವ್ವ, ನನ್ನ ಬಾಯಿಂದ ಬರಲ್ಲ" ಅಂದೆ. ನನ್ನ ಬಾಯಿಂದ ಬರಲೂ ಇಲ್ಲ. ಎರಡು ದಿನ ಕಳೆದು ಹಂಪಾಪುರದಿಂದ ಬರ್ತಾ ಬಸ್ಸಲ್ಲಿ ಕೂತು, ಹೊಸಬರ ನಂಬರುಗಳನ್ನ ಗ್ರೂಪಿಗೆ ಸೇರಿಸ್ತಾ ಹೋದೆ. ಅವಳದನ್ನೂ ಸೇರಿಸ್ದೆ. ರಿಜಿಸ್ಟರ್ ತುಂಬೋ ಹಾಗೆ ತುಂಬಿದ್ದು, ತಲೆ ಓಡಲೇ ಇಲ್ಲ. ಹೆಸರು "ಬಸುರಿ-ಬಾಣಂತಿ", ಬಾಣಂತಿ ಅಂತ ಅದರಲ್ಲಿ ಹಿರಿಸೊಸೆ ಮೊದಲಿಂದ ಇದ್ಲು. ಯಾರೂ ಒಂದಕ್ಷರ ಬರೆಯೋಕಾಗದ ಗ್ರೂಪಲ್ಲಿ ಕಿರಿಸೊಸೆಯ ಹೆಸರು ಸೇರಿದ ಒಂದು ಸಾಲು ಬಂತು. ಅಷ್ಟೇ ಸಾಕಾಯ್ತು.

ಸಂಜೆ ಹೊತ್ತಿಗೆ ಅತ್ತೆಗೆ ಗೊತ್ತು, ಮಾರನೇ ದಿನ ನಲ್ಲಿ ಹತ್ರ ನಿಂತೋರಿಗೆಲ್ಲ ಗೊತ್ತು. "ಮನೆ ಯಜಮಾನಿಗೆ ಏಳ್ದೆ ಆಶಾಗೆ ಏಳವ್ಳೆ ನೋಡಿ" ಅಂತ ಅತ್ತೆ ಕಂಡಕಂಡವರ ಹತ್ರ ಅಂದಳಂತೆ. ನಾನು ಅವಳನ್ನ ಗ್ರೂಪಿಂದ ತೆಗೆದೆ. ತೆಗೆದು ಏನು ಪ್ರಯೋಜನ, ಊರವರ ತಲೆಯಿಂದ ತೆಗೆಯೋಕಾಗುತ್ತಾ? ಹತ್ತನೇ ವಾರದಲ್ಲಿ ಅದೂ ಹೋಯ್ತು.

ಡಾಕ್ಟ್ರು, "ಇದಕ್ಕೂ ಅದಕ್ಕೂ ಸಂಬಂಧ ಇಲ್ಲಮ್ಮ, ಮೊದಲ ತಿಂಗಳುಗಳಲ್ಲಿ ಹೀಗಾಗೋದುಂಟು" ಅಂದ್ರು. ಊರು ಮಾತ್ರ, ಆಶಾ ಬಾಯ್ಬಿಟ್ಲು, ಕಣ್ಣು ಬಿತ್ತು ಅಂತು. ನಾನು ಡಾಕ್ಟ್ರ ಮಾತನ್ನೇ ನಂಬಿದವಳು. ಆದ್ರೂ ಅವಳನ್ನ ನೋಡೋಕೆ ಹೋದಾಗ ಬಯ್ತಾಳೆ ಅಂದ್ಕೊಂಡೆ, ಬಯ್ದಿದ್ರೆ ಚೆನ್ನಾಗಿರ್ತಿತ್ತು. ಅವಳು ನೆಲ ನೋಡ್ತಾ ಅಂದದ್ದು ಇಷ್ಟೇ: "ಓಗಿದ್ದಕ್ಕೆ ನಿಮ್ಮ ಮೇಲೆ ಕ್ವಾಪ ಇಲ್ಲ ಕಣಕ್ಕ. ಮೊದಲ್ನೇ ಸಲ ಓಗಿದ್ದಾಗ ನನ್ನ ಗಂಡಂಗೆ ಒಬ್ಬಂಗೆ ಏಳಿದ್ದೆ. ಈ ಸಲ ಊರ್ಗೆಲ್ಲಾ ಏಳ್ಬೇಕಾಯ್ತಲ್ಲ."

ಅವತ್ತೇ ನರ್ಸಮ್ಮನ ಹತ್ರ ಹೋಗಿ ಕೂತು, "ಹೇಳ್ಕೊಡವ್ವ" ಅಂದೆ. ಅವಳು ಹಂಗಿಸಲಿಲ್ಲ, ಅದು ಅವಳ ದೊಡ್ಡತನ. ಹೇಳ್ಕೊಟ್ಟು ಒಂದು ಮಾತು ಸೇರಿಸಿದ್ಲು: "ನಿಮ್ಮ ನಂಬರನ್ನ ಅವರ ಫೋನಲ್ಲಿ ಸೇವ್ ಮಾಡ್ಕಂಡಿರ್ಬೇಕು ಕಣಕ್ಕ. ಇಲ್ಲಾಂದ್ರೆ ಅವರಿಗೆ ಮೆಸೇಜು ಓಗಕಿಲ್ಲ."

ಮೊದಲ ಮೆಸೇಜ್ ಕಳಿಸಿ, ಅದರ ಮಾಹಿತಿ ತೆಗೆದು ನೋಡಿದ್ರೆ ಯಾರಿಗೆ ತಲುಪಿದೆ, ಯಾರು ಓದಿದ್ದಾರೆ ಅಂತ ಹೆಸರು ತೋರಿಸ್ತಿತ್ತು. ಅರ್ಧದಷ್ಟು ಹೆಸರೇ ಇಲ್ಲ! ಇಷ್ಟು ವರ್ಷ ಅಕ್ಕ ಅಕ್ಕ ಅಂದ ಮಹಾತಾಯಂದಿರು ನನ್ನ ನಂಬರನ್ನೇ ಇಟ್ಕೊಂಡಿರಲಿಲ್ಲ. ಮತ್ತೆ ಮನೆಮನೆ ಸುತ್ತಿ, ಒಬ್ಬೊಬ್ಬರ ಫೋನ್ ಈಸ್ಕೊಂಡು ನಾನೇ ಸೇವ್ ಮಾಡ್ಕೊಟ್ಟೆ. ಒಬ್ಬಳು "ಸೂಜಿ ಅಕ್ಕ" ಅಂತ ಹಾಕಿ ಅಂದ್ಲು. ಹಾಕ್ದೆ.

ಲಿಸ್ಟಿನ ಕೆಲಸ ಹೆಚ್ಚು. ಗ್ರೂಪಲ್ಲಿ ಒಬ್ಬಳು ಕೇಳಿದ್ದಕ್ಕೆ ಹೇಳಿದ ಉತ್ತರ ಎಲ್ಲರಿಗೂ ಆಗೋದು, ಇಲ್ಲಿ ಹದಿನೈದು ಜನ ಅದನ್ನೇ ಕೇಳಿದ್ರೆ ಹದಿನೈದು ಸಲ ಹೇಳ್ಬೇಕು. ಬೆರಳು ನೋಯುತ್ತೆ. ಆದ್ರೆ ಉತ್ತರ ನನಗೊಬ್ಬಳಿಗೇ ಬರುತ್ತೆ ಅಂತ ಗೊತ್ತಾದ ಮೇಲೆ, "ಓಕೆ ಅಕ್ಕ" ಬಿಟ್ಟು ಬೇರೆ ಏನೂ ಬರೀದೋರು ಬರೆಯೋಕೆ ಶುರು ಮಾಡಿದ್ರು. ಬಿಳಿ ಹೋಗೋದು, ಗಂಡ ಹೊಡೆಯೋದು, ಇನ್ನೊಂದು ಮಗು ಬೇಡ ಅನ್ನೋದು. ಎಷ್ಟೋ ವರ್ಷ ಅವರ ಮನೇಲಿ ಕಾಫಿ ಕುಡಿದಿದ್ದ ನನಗೆ ಇದೆಲ್ಲ ಗೊತ್ತೇ ಇರಲಿಲ್ಲ.

ವರ್ಷದ ಮೇಲಾಗಿತ್ತು. ಅಂತರಸಂತೆ ಸಂತೇಲಿ ಟೊಮೆಟೊ ಆರಿಸ್ತಿದ್ದೆ. ಪಕ್ಕದಲ್ಲಿ ಬಂದು ಕೂತು ಯಾರೋ ಅದೇ ರಾಶಿಗೆ ಕೈ ಹಾಕಿದ್ರು. ಕಿರಿಸೊಸೆ. ನನ್ನ ಮುಖ ನೋಡದೆ, "ಒಂದೂವರೆ ತಿಂಗಳಾಯ್ತು ಅಕ್ಕ" ಅಂದ್ಲು. ಮತ್ತೆ ನನ್ನ ಹತ್ರಾನೇ ಬಂದ್ಲಲ್ಲ ಅಂತ, ಆರಿಸಿಟ್ಟ ಟೊಮೆಟೊನ ತಿರುಗಿ ರಾಶಿಗೇ ಹಾಕ್ದೆ.

ಲಿಸ್ಟಿನ ವಿಷಯ ಹೇಳ್ದೆ, ಯಾರಿಗೂ ಕಾಣಲ್ಲ ಅಂತ. ಅವಳು ಫೋನ್ ಕೊಟ್ಟು, "ನಿಮ್ಮ ಎಸರಲ್ಲಿ ಬ್ಯಾಡ. ನಮ್ಮಕ್ಕ ನನ್ನ ಫೋನ್ ನೋಡ್ತಾಳೆ" ಅಂದ್ಲು. ಅಕ್ಕ ಅಂದ್ರೆ ಹಿರಿಸೊಸೆ. ನಂಬರು ಇದ್ರೆ ಸಾಕು, ಹೆಸರು ಯಾವುದಾದ್ರೇನು? ಮತ್ತೇನಂತ ಹಾಕ್ಲಿ ಅಂದೆ.

"ಹಸಿನ್ ಡಾಕ್ಟ್ರು ಅಂತ ಆಕಿ. ನಮ್ಮನೇಲಿ ಎರಡು ಹಸ ಅವೆ, ಯಾರೂ ಕೇಳಕಿಲ್ಲ."

ಟೊಮೆಟೊ ಮಾರೋಳು ಯಾಕೆ ನಗ್ತೀರಿ ಅಂತ ಕೇಳೋ ಮಟ್ಟಿಗೆ ನಕ್ಕೆ. ಹೆಸರು ಹಸುವಿನ ಡಾಕ್ಟ್ರದ್ದು, ಫೋಟೋ ಸೀರೆ ಉಟ್ಟ ನಂದು ಆದ್ರೆ ಹೇಗೆ? ಫೋಟೋ ತೆಗೆದು ಪಕ್ಕದ ಮನೆ ಹಸುವಿನದನ್ನ ಹಾಕ್ದೆ. ಲಿಸ್ಟಲ್ಲಿದ್ದ ಮಿಕ್ಕೋರೆಲ್ಲ, "ಅಕ್ಕ, ಹಸ ಯಾವಾಗ ತಗಂಡ್ರಿ, ಎಷ್ಟು ಲೀಟ್ರು ಕೊಡ್ತದೆ?" ಅಂತ ಕೇಳಿದ್ರು. ಮೆಸೇಜನ್ನೂ ಬದಲಾಯಿಸ್ದೆ. ಬಸುರಿ, ತಾಯಿ, ತಪಾಸಣೆ ಯಾವ ಮಾತೂ ಬೇಡ, "ನಾಳೆ ಹತ್ತಕ್ಕೆ ಬನ್ನಿ, ಕಾರ್ಡ್ ತನ್ನಿ" ಅಷ್ಟೇ. ಅವಳ ಉತ್ತರ ಬಂತು: "ಆಯ್ತು ಡಾಕ್ಟ್ರೇ."

ಹತ್ತನೇ ವಾರದಲ್ಲಿ ಕಳಿಸಿದ ಒಂದು ಮೆಸೇಜು ಅವಳಿಗೆ ತಲುಪಲಿಲ್ಲ. ಒಂದು ದಿನ ಆಯ್ತು, ಎರಡು ದಿನ ಆಯ್ತು, ತಲುಪಿದವರಲ್ಲಿ ಅವಳ ಹೆಸರಿಲ್ಲ. ನಂಬರ್ ಅಳಿಸಿಬಿಟ್ಲಾ? ಮತ್ತೆ ಹೋಯ್ತಾ? ಮನೆಗೆ ಹೋಗೋಣ ಅಂದ್ರೆ ನಾನು ಆ ಬಾಗಿಲಿಗೆ ಹೋದ್ರೇ ಡಂಗುರ ಹೊಡೆದ ಹಾಗೆ. ಊಟ ಸೇರಲಿಲ್ಲ. ಮೂರನೇ ದಿನ ಹೆಸರು ಬಂತು, ಜೊತೆಗೆ "ಕರೆನ್ಸಿ ಮುಗ್ದಿತ್ತು ಡಾಕ್ಟ್ರೇ" ಅಂತ ಉತ್ತರ. ನಿನ್ನ ಮನೆ ಕಾಯ್ವೋಗ ಅಂತ ಬಯ್ದು, ಆಮೇಲೆ ಅತ್ತುಬಿಟ್ಟೆ.

ಮೂರು ತುಂಬಿದ ಮೇಲೂ ಅವಳು ಬಾಯಿ ಬಿಡಲಿಲ್ಲ. ಅತ್ತೆಗೆ ಗಂಡನಿಂದ ಹೇಳಿಸಿದ್ದು ನಾಲ್ಕು ದಾಟಿದ ಮೇಲೆ. ಐದನೇ ತಿಂಗಳ ಸ್ಕ್ಯಾನಿಗೆ ಕೋಟೆಯ ತಾಲ್ಲೂಕು ಆಸ್ಪತ್ರೆಗೆ ನಾನೇ ಕರ್ಕೊಂಡು ಹೋದೆ. ಎಲ್ಲ ಸರಿಯಾಗಿದೆ ಅಂದ್ರು. ಬಸ್‌ಸ್ಟ್ಯಾಂಡಲ್ಲಿ ಕೂತು ಕಡ್ಲೆಕಾಯಿ ತಿಂತಿದ್ವಿ.

"ಅಕ್ಕ, ಆ ಗ್ರೂಪು ಈಗ್ಲೂ ಅದಾ?"

"ಅದೆ. ಅದರಲ್ಲಿ ಏನೂ ಹಾಕಲ್ಲ, ಸುಮ್ನೆ ಬಿದ್ದದೆ."

"ನಮ್ಮಕ್ಕ ಇನ್ನೂ ಅದ್ರಲ್ಲಿ ಅವ್ಳಾ?"

"ಅವ್ಳೆ."

"ನನ್ನ ಆಕಿ."

ಗ್ರೂಪು ತೆಗೆದೆ, ಅವಳ ಹೆಸರೂ ಹುಡುಕ್ದೆ, ಬೆರಳು ಮುಂದಕ್ಕೆ ಹೋಗಲಿಲ್ಲ. "ಎಲ್ರಿಗೂ ಕಾಣ್ತದೆ ಕಣವ್ವ" ಅಂದೆ.

"ಕಾಣ್ಲಿ ಅಂತ್ಲೇ" ಅಂದು, ನನ್ನ ಕೈಯಿಂದ ಫೋನ್ ಕಿತ್ಕೊಂಡು ಅವಳೇ ಒತ್ತಿದ್ಲು. ನೀವು ಇವರನ್ನು ಸೇರಿಸಿದ್ದೀರಿ ಅಂತ ಅವಳ ಹೆಸರಿನ ಸಾಲು ಬಂತು. ನಾನು ಎಲ್ಲಿ ಸೇರಿಸ್ದೆ, ಸೇರಿದವಳು ಅವಳೇ.