ಬಿಸ್ಕತ್ತಮ್ಮನ ಕಾಗದದಲ್ಲಿ ಬಿಟ್ಟುಹೋದ ಮಾತು

"ಕೆಳಮನೆಗೆ ಬಂದಿರೋ ಮಗಳಿಗೆ ಮೇಲ್ಮನೆಯವಳು ಬರೆಸೋದು. ಮನೆ ನಿನ್ನದೇ ಅಂದ್ಕೋ. ಗೋಡೆಗೆ ಮೊಳೆ ಹೊಡಿ, ನಾನು ಕೇಳಲ್ಲ. ಅಡುಗೆಮನೆ ವಿಷಯಕ್ಕೆ ಮಾತ್ರ ನನ್ನ ಮಾತು ಕೇಳು. ಬೆಳಿಗ್ಗೆ ಒಳಗೆ ಕಾಲಿಟ್ಟರೆ ಮೊದಲು ಮೂಗು, ಆಮೇಲೆ ಸ್ವಿಚ್ಚು, ಆಮೇಲೆ ಬೆಂಕಿ. ಗ್ಯಾಸಿನ ವಾಸನೆ ಬಂತು ಅಂದರೆ ಲೈಟಿನ ಸ್ವಿಚ್ಚನ್ನೂ ಮುಟ್ಟಬೇಡ. ವಾಸನೆ ಹೋಗಲಿ ಅಂತ ಚಿಮ್ನಿ ಅಂತೂ ಹಾಕಲೇಬೇಡ. ಸ್ವಿಚ್ಚಿನ ಕಿಡಿ ಒಂದು ಸಾಕು. ಕಿಟಕಿ ಬಾಗಿಲು ತೆಗಿ, ಸಿಲಿಂಡರಿನ ರೆಗ್ಯುಲೇಟರ್ ಆಫ್ ಮಾಡು, ಹೊರಗೆ ಬಂದು ಗ್ಯಾಸಿನವರಿಗೆ ಫೋನ್ ಮಾಡು. ವಾಸನೆ ಇಲ್ಲದಿದ್ದರೆ ಚಿಮ್ನಿ ಹಾಕು, ಕಿಟಕಿ ಒಂದು ಗೇಣು ತೆಗೆದಿಡು. ಒಳಗೆ ಗಾಳಿ ಬರದೆ ಅದು ಹೊಗೆನ ಹೇಗೆ ಹೊರಗೆ ತಳ್ಳುತ್ತೆ ಪಾಪ? ಅಡುಗೆ ಮುಗಿದ ಮೇಲೂ ಸ್ವಲ್ಪ ಹೊತ್ತು ಓಡಲಿ.

ಒಲೆ ಉರಿ ನೀಲಿ ಇರಬೇಕು. ಹಳದಿಯಾದರೆ, ಒಂದು ಕಡೆ ವಾಲಿದರೆ, ಬರ್ನರಿನ ತೂತು ಕಟ್ಟಿದೆ, ಇಲ್ಲವೇ ಮೇಲಿನ ಬಿಲ್ಲೆ ಸರಿಯಾಗಿ ಕೂತಿಲ್ಲ. ಪೂರ್ತಿ ತಣ್ಣಗಾದ ಮೇಲೆ ಬಿಲ್ಲೆ ತೆಗೆದು ಸೋಪು ನೀರಲ್ಲಿ ತೊಳಿ, ತೂತುಗಳಿಗೆ ಸೂಜಿ ಆಡಿಸು, ಒಣಗಿಸಿ ಕೂರಿಸು. ಒದ್ದೆ ಇಟ್ಟರೆ ಟಕಟಕ ಅಂತ ನಿನ್ನನ್ನೇ ಅಣಕಿಸುತ್ತೆ, ಹೊತ್ಕೊಳ್ಳಲ್ಲ. ಚಿಮ್ನಿ ಜಾಲರಿಗೆ ಜಿಡ್ಡು ಕಟ್ಟೋಕೆ ಬಿಡಬೇಡ, ಜಿಡ್ಡಿಗೆ ಬೆಂಕಿ ಹತ್ತುತ್ತೆ. ಆಗಾಗ ಬಿಚ್ಚಿ, ಬಿಸಿನೀರಿಗೆ ಪಾತ್ರೆ ಸೋಪು, ಒಂದಿಷ್ಟು ಅಡುಗೆ ಸೋಡಾ ಹಾಕಿ ನೆನೆಸಿ, ಮೆತ್ತನೆ ಬ್ರಷ್ಷಲ್ಲಿ ಉಜ್ಜು. ಕೆಳಗಿನ ಎಣ್ಣೆ ಬಟ್ಟಲನ್ನ ಖಾಲಿ ಮಾಡು, ಸಿಂಕಿಗೆ ಸುರೀಬೇಡ, ಹಳೇ ಪೇಪರಿಗೆ ಸುರಿದು ಕಸಕ್ಕೆ ಹಾಕು.

ಓವನ್ ಹಚ್ಚುವಾಗ ಅದರ ಬಾಗಿಲು ತೆರೆದೇ ಇರಬೇಕು. ನಾಬ್ ಒತ್ತಿ ತಿರುಗಿಸು, ಕಿಡಿ ಬಟನ್ ಒತ್ತು. ಹೊತ್ತದಿದ್ದರೆ ಆಫ್ ಮಾಡಿ, ಬಾಗಿಲು ತೆರೆದೇ ಬಿಟ್ಟು, ಐದು ನಿಮಿಷ ಗ್ಯಾಸು ಹೋಗೋಕೆ ಬಿಡು, ಆಮೇಲೆ ಮತ್ತೆ. ತಳದ ತೂತಿನ ಮೇಲೆ ಹಾಳೆ ಹಾಸಬೇಡ. ಬಿಸಿ ಗಾಜಿಗೆ ಒದ್ದೆ ಬಟ್ಟೆ ತಾಗಿಸಬೇಡ. ಈ ಓವನ್ ನನಗೆ ಒಂದು ದಿನವೂ ಕೈಕೊಟ್ಟಿಲ್ಲ. ಹೊತ್ತಲಿಲ್ಲ ಅಂದರೆ ತಪ್ಪು ಅದರದ್ದಲ್ಲ."

ಹೇಳಿದವಳು ನನ್ನ ಓರಗಿತ್ತಿ, ನನ್ನ ಯಜಮಾನರ ತಮ್ಮನ ಹೆಂಡತಿ. ಬರೆದವಳು ನಾನು. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದ್ದರೂ ನಾನೇ ಬರೆಯಬೇಕಾಯಿತು, ಅವಳ ಮಣಿಕಟ್ಟು ಊದಿಕೊಂಡು ಪೆನ್ನು ಹಿಡಿಯುವ ಸ್ಥಿತಿಯಲ್ಲಿರಲಿಲ್ಲ.

ನಮ್ಮ ಬೀದಿಯಲ್ಲಿ ಅವಳ ಹೆಸರು ಯಾರಿಗೂ ಗೊತ್ತಿಲ್ಲ. ಬಿಸ್ಕತ್ತಮ್ಮ ಅಂದರೆ ಮಾತ್ರ ಮನೆ ತೋರಿಸುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ದಪ್ಪ ತಳದ ಪಾತ್ರೆಗೆ ಮರಳು ತುಂಬಿ, ಕೆಂಡದ ಮೇಲಿಟ್ಟು ಬಿಸ್ಕತ್ತು ಸುಟ್ಟಿದ್ದಳು. ಬೀದಿನಾಯಿಗೆ ಹಾಕಿದರೆ ಅದು ಮೂಸಿ ನೋಡಿ, ನಮ್ಮ ಮುಖ ನೋಡಿ, ಬಾಲ ಮುದುರಿಕೊಂಡು ಹೋಯಿತು. ಅವಳು ಬಿಡಲಿಲ್ಲ. ಮೇಲೆ ನಾಲ್ಕು ಒಲೆ, ಕೆಳಗೆ ಓವನ್ ಇರುವ ಈ ದೊಡ್ಡ ಗ್ಯಾಸ್ ಒಲೆ ಮನೆಗೆ ಬಂದ ಮೇಲಂತೂ ಬೀದಿಯ ಟೀ ಅಂಗಡಿಗಳೆಲ್ಲ ಅವಳ ಕೈ ಕಾಯುತ್ತಿದ್ದವು. ಗಂಡ ತೀರಿಕೊಂಡ ವಾರವೂ ಅವಳು ಓವನ್ ಆರಿಸಲಿಲ್ಲ. "ಅಳೋದನ್ನ ಹಿಟ್ಟು ನಾದ್ತಾನೂ ಅಳಬಹುದು ಅಕ್ಕಾ" ಅಂದಿದ್ದಳು.

ಕೊನೆಗೆ ಅವಳನ್ನು ನಿಲ್ಲಿಸಿದ್ದು ಮಣಿಕಟ್ಟು. ಇನ್ನು ಹಿಟ್ಟು ನಾದಕೂಡದು ಅಂದರು ಡಾಕ್ಟರು. ಅವಳು ಮಹಡಿಗೆ ನನ್ನ ಜೊತೆ ಬಂದಳು, ಕೆಳಮನೆ ಬಾಡಿಗೆಗೆ ಹೋಯಿತು. ಮೊದಲು ಬಂದವರು ಓವನ್ನಿನಲ್ಲಿ ಚಪ್ಪಲಿ ಜೋಡಿಸಿಟ್ಟಿದ್ದರು. ಅದನ್ನು ನೋಡಿ ಬಂದು ಇವಳು ಎರಡು ಹೊತ್ತು ಊಟ ಬಿಟ್ಟಳು. ಆಮೇಲೆ ಬಂದವರು ಒಳ್ಳೆಯವರೇ, ಆದರೆ ಇವಳು ದಿನವೂ ಕೆಳಗಿಳಿದು ಉರಿ ನೀಲಿಯಿದೆಯೋ ಇಲ್ಲವೋ ಅಂತ ಬಗ್ಗಿ ನೋಡುವಳು. "ಅಮ್ಮಾ, ನಮಗೆ ಮನೆ ಕೊಟ್ಟಿದ್ದೀರೋ, ಒಲೆಗೆ ಕಾವಲು ಇಟ್ಟಿದ್ದೀರೋ?" ಅಂತ ಕೇಳಿ ಅವರೂ ಗಂಟುಮೂಟೆ ಕಟ್ಟಿದರು.

ಅಷ್ಟರಲ್ಲಿ ಬಂದಳು ಈ ಹುಡುಗಿ. ಮನೆ ನೋಡಲು ಬಂದವಳು ನಲ್ಲಿ ತಿರುಗಿಸಲಿಲ್ಲ, ಬಚ್ಚಲು ನೋಡಲಿಲ್ಲ. ನೆಟ್ಟಗೆ ಅಡುಗೆಮನೆಗೆ ಹೋಗಿ ಓವನ್ ಬಾಗಿಲು ತೆಗೆದು ತಲೆ ಒಳಗೆ ಹಾಕಿದಳು. ಬಿಸ್ಕತ್ತಮ್ಮ ನನ್ನ ಪಕ್ಕೆ ತಿವಿದು, "ಇವಳಿಗೇ" ಅಂದಳು. ಹುಡುಗಿಯ ಗಂಡ ಆಸ್ಪತ್ರೆಯಲ್ಲಿ ವಾರ್ಡಿನ ಕೆಲಸದವನು. ಸೋಮವಾರ ಒಂದು ಟ್ರೇ ಬನ್ ತಂದು ತೋರಿಸಿ, ಹಿಡಿಸಿದರೆ ದಿನವೂ ತೆಗೆದುಕೊಳ್ಳುತ್ತೇವೆ ಅಂತ ಅಲ್ಲಿನ ಕ್ಯಾಂಟೀನಿನವರು ಹೇಳಿದ್ದರಂತೆ. ಆ ಬನ್ನಿಗಾಗಿಯೇ ಅವರು ಈ ಮನೆ ಹಿಡಿದದ್ದು. ಹುಡುಗಿ ಕೆಲಸ ಕಲಿತದ್ದು ಕರೆಂಟಿನ ಓವನ್ ಇದ್ದ ಬೇಕರಿಯಲ್ಲಿ. ಗ್ಯಾಸಿನದು ಅವಳಿಗೆ ಹೊಸತು.

"ಈ ಸಲ ನಾನು ಕರೀದೆ ಕೆಳಗಿಳಿಯಲ್ಲ" ಅಂತ ಬಿಸ್ಕತ್ತಮ್ಮ ಹುಡುಗಿಗೆ ಮಾತು ಕೊಟ್ಟಳು. ಹಾಗಾಗಿ ಹುಟ್ಟಿದ್ದು ಆ ಕಾಗದ.

ಮಾತು ಕೊಟ್ಟವಳಿಗೆ ಮಹಡಿಯ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ವರ್ಷಗಟ್ಟಲೆ ಚಿಮ್ನಿಯ ಸದ್ದಿನ ಕೆಳಗೆ ನಿಂತು ಅವಳ ಕಿವಿ ಮಂದವಾಗಿದೆ. ನನ್ನ ಕಿವಿ ಮಾತ್ರ ದೇವರು ಚೆನ್ನಾಗಿ ಇಟ್ಟಿದ್ದಾನೆ. ಕೆಳಗಿನ ಅಡುಗೆಮನೆಯ ಕಿಟಕಿ ನಾನು ಕೂರುವ ಕಿಟಕಿಯ ನೇರಕ್ಕೇ ಇದೆ.

"ಅಕ್ಕಾ, ಏನು ಕೇಳಿಸ್ತಿದೆ?"

"ಚಿಮ್ನಿ ಹಾಕಿದ್ಳು."

"ಆಮೇಲೆ?"

"ಟಕ್ ಟಕ್ ಅಂತು. ಭುಸ್ ಅಂತು. ಈಗ ಸುಮ್ಮನಾಯ್ತು."

"ಸುಮ್ಮನಾಯ್ತು ಅಂದ್ರೆ? ಉರೀತಿದೆ ತಾನೆ?"

"ಉರಿಯೋ ಸದ್ದು ಇಲ್ಲ ಕಣೇ."

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್ ಟಕ್, ಮತ್ತೆ ಭುಸ್, ಮತ್ತೆ ಮೌನ. ದಿನವೆಲ್ಲ ಇದೇ ಆಯಿತು. ಮರುದಿನವೂ ಅದೇ. ಬಿಸ್ಕತ್ತಮ್ಮ ಮೆಟ್ಟಿಲ ತನಕ ಹೋಗಿ ಹೋಗಿ ವಾಪಸು ಬರುವಳು. "ಹೋಗಿ ನೋಡೇ" ಅಂದರೆ, "ಕೊಟ್ಟ ಮಾತು ಗಂಟಲಿಗೆ ಸಿಕ್ಕಿಕೊಂಡಿದೆ. ಅವಳೇ ಕರೀಲಿ" ಅಂದಳು.

ಹುಡುಗಿ ಕರೆಯಲಿಲ್ಲ. ಭಾನುವಾರ ಬೆಳಿಗ್ಗೆ ತಾನೇ ಮೇಲೆ ಬಂದಳು. ಮೊಣಕೈವರೆಗೂ ಹಿಟ್ಟು ಮೆತ್ತಿತ್ತು, ಕಣ್ಣು ಕೆಂಪಾಗಿತ್ತು.

"ಅಮ್ಮಾ, ತಪ್ಪು ತಿಳೀಬೇಡಿ. ನಾವು ಬೇರೆ ಮನೆ ನೋಡ್ಕೋತೀವಿ."

ಬಿಸ್ಕತ್ತಮ್ಮನ ಕೈಯ ಲೋಟ ಅಲ್ಲೇ ನಿಂತಿತು. "ಯಾಕಮ್ಮಾ? ನಾನು ಒಂದು ಸಲ ಆದ್ರೂ ಕೆಳಗೆ ಬಂದ್ನಾ?"

"ಅಯ್ಯೋ, ಅದಲ್ಲ. ನನ್ನ ಕೈಗೆ ಓವನ್ ಒಗ್ಗಲ್ಲ. ತಪ್ಪು ಅದರದ್ದಲ್ಲ ಅಂತ ನೀವೇ ಬರೆಸಿದ್ದೀರಲ್ಲ. ಹಿಟ್ಟು ಉಬ್ಬಿ ಕೂತಿದೆ. ನಾಳೆ ಕ್ಯಾಂಟೀನಿಗೆ ಏನು ತೋರಿಸ್ಲಿ?"

ನಾನು ಅವಳನ್ನು ಕೂರಿಸಿ ನೀರು ಕೊಟ್ಟೆ. "ಹೊತ್ಕೊಳ್ಳೋದೇ ಇಲ್ವಾ ಮಗಾ?"

"ಹೊತ್ಕೊಳ್ಳುತ್ತೆ ದೊಡ್ಡಮ್ಮಾ. ಕೈ ತೆಗೆದ್ರೆ ಸಾಕು, ಆರಿ ಹೋಗುತ್ತೆ. ಕಾಗದದಲ್ಲಿ ಇರೋ ಹಾಗೆ ಬಾಗಿಲು ತೆಗೆದಿಟ್ಟು ಕಾಯ್ತೀನಿ, ಮತ್ತೆ ಹಚ್ತೀನಿ, ಮತ್ತೆ ಆರುತ್ತೆ. ಬೇಜಾರಾಗಿ ಅದಕ್ಕೆ ಕೈ ಕೂಡ ಮುಗಿದೆ."

"ನನ್ನ ಓವನ್ ಆರುತ್ತಾ? ನಡಿ ಕೆಳಗೆ!" ಬಿಸ್ಕತ್ತಮ್ಮ ಎದ್ದೇ ಬಿಟ್ಟಳು. ಕರೆ ಬಂದ ಲೆಕ್ಕವೇ ಆಯಿತಲ್ಲ.

ಕೆಳಗೆ ಹೋಗಿ ನೋಡಿದರೆ ಅಡುಗೆಮನೆ ಕನ್ನಡಿಯ ಹಾಗಿತ್ತು. ಜಾಲರಿ ಹೊಳೆಯುತ್ತಿತ್ತು. ಎಣ್ಣೆ ಬಟ್ಟಲು ಒರೆಸಿಟ್ಟಿತ್ತು. ನಮ್ಮ ಕಾಗದ ಕಪಾಟಿನ ಬಾಗಿಲಿಗೆ ಅಂಟಿಕೊಂಡಿತ್ತು. ಬಿಸ್ಕತ್ತಮ್ಮ ಮೂಗು ಅರಳಿಸಿ ಗಾಳಿ ನೋಡಿದಳು, ಚಿಮ್ನಿ ಹಾಕಿದಳು, ಮೊಣಕಾಲೂರಿ ಓವನ್ ಹಚ್ಚಿದಳು. ಹೊತ್ತಿಕೊಂಡಿತು. ಆರಲೇ ಇಲ್ಲ. ನೀಲಿ ಸಾಲು ಒಳಗೆ ಸಣ್ಣಗೆ ಗುಂಯ್‌ಗುಡುತ್ತಿತ್ತು.

"ನೋಡಿದ್ಯಾ? ಹಸುವಿನಂಥದ್ದು ಇದು."

ಆಫ್ ಮಾಡಿ, ಸ್ವಲ್ಪ ಬಿಟ್ಟು ಹುಡುಗಿ ಹಚ್ಚಿದಳು. ಟಕ್, ಭುಸ್, ಕೈ ತೆಗೆದಳು, ಆರಿತು. ಹುಡುಗಿ ತಲೆ ತಗ್ಗಿಸಿದಳು. ಬಿಸ್ಕತ್ತಮ್ಮನ ಮುಖವೂ ಸಣ್ಣದಾಯಿತು.

ಗ್ಯಾಸು ಹೋಗಲಿ ಅಂತ ಓವನ್ ಬಾಗಿಲು ತೆರೆದಿಟ್ಟು ಕಾದೆವು. ಉಬ್ಬಿದ ಹಿಟ್ಟು ಒದ್ದೆ ಬಟ್ಟೆಯನ್ನು ಮೇಲೆತ್ತಿಕೊಂಡು ನಮ್ಮನ್ನೇ ನೋಡುತ್ತಿತ್ತು.

"ಇನ್ನೊಂದ್ಸಲ ನೀನೇ ಹಚ್ಚು" ಅಂದೆ ನಾನು ಓರಗಿತ್ತಿಗೆ. "ಈ ಸಲ ನಿಧಾನಕ್ಕೆ, ದಿನಾ ಹಚ್ಚೋ ಹಾಗೇ."

ಬಿಸ್ಕತ್ತಮ್ಮ ಹಚ್ಚಿದಳು. ಬೆಂಕಿ ಕಂಡ ಕೂಡಲೇ ಅವಳ ಬಾಯಿ ತಾನಾಗಿ ಶುರುವಾಯಿತು. "ಏಳೋ ಸೋಮಾರಿ, ಬೆಳಗಾಯ್ತು. ಬೀದಿಯೆಲ್ಲಾ ಹಸ್ಕೊಂಡು ಕೂತಿದೆ, ನಿನಗಿನ್ನೂ ನಿದ್ದೆಯಾ? ನಿನ್ನನ್ನ ಎಬ್ಬಿಸೋಕೆ ನಾನೇ ಬರಬೇಕಾ? ಏಳಪ್ಪಾ, ನನ್ನ ರಾಜ, ಏಳು."

ನಾನು ಮಾತು ಕೇಳುತ್ತಾ ಅವಳ ಕೈ ನೋಡುತ್ತಿದ್ದೆ. ರಾಜ ಎದ್ದ ಮೇಲೆಯೇ ಹೆಬ್ಬೆರಳು ನಾಬ್ ಬಿಟ್ಟದ್ದು.

"ಏಯ್, ನೀನು ಬೈದು ಮುಗಿಯೋವರೆಗೂ ಒತ್ತಿಯೇ ಹಿಡಿದಿದ್ದೀಯಲ್ಲೇ!"

"ಏನನ್ನ?"

"ನಾಬನ್ನ. ಬೆಂಕಿ ಹೊತ್ತಿದ ಮೇಲೂ ಒತ್ತಿ ಹಿಡಿದಿದ್ದೆ. ಇವಳು ಹೊತ್ತಿದ ಕೂಡಲೇ ಬಿಡ್ತಾಳೆ. ಕಾಗದದಲ್ಲಿ ಆ ಮಾತೇ ಇಲ್ಲ."

ಬಿಸ್ಕತ್ತಮ್ಮ ತನ್ನ ಹೆಬ್ಬೆರಳನ್ನು ಯಾರದೋ ಬೆರಳು ಎಂಬಂತೆ ನೋಡಿಕೊಂಡಳು. ಆಮೇಲೆ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಬುದ್ಧಿಗಿಷ್ಟು! ಒಳಗೆ ಬೆಂಕಿ ಪಕ್ಕ ಒಂದು ಸಣ್ಣ ಕಡ್ಡಿ ಇದೆಯಮ್ಮಾ. ಅದು ಕಾದು ಬಿಸಿಯಾಗಬೇಕು. ಕಾದರೆ ಮಾತ್ರ ಬೆಂಕಿ ಇದೆ ಅಂತ ನಂಬಿ ಗ್ಯಾಸ್ ಬಿಡುತ್ತೆ. ಕಾಯೋದಕ್ಕೆ ಮುಂಚೆ ನಾಬ್ ಬಿಟ್ರೆ ಗ್ಯಾಸ್ ಕಟ್ ಮಾಡುತ್ತೆ. ಒಲೆ ಕೂರಿಸಿದವನು ಹೇಳಿದ್ದ. ಆಮೇಲೆ ಅದು ಕೈಗೆ ಹೋಯ್ತು, ತಲೆಯಲ್ಲಿ ಉಳೀಲೇ ಇಲ್ಲ. ಇಷ್ಟು ದಿನ ನಿನ್ನನ್ನ ಅಳಿಸಿಬಿಟ್ಟೆನಲ್ಲ."

"ಹಾಗಾದ್ರೆ ಎಷ್ಟು ಹೊತ್ತು ಹಿಡೀಬೇಕು?"

"ಅದೇನೋ, ಹತ್ತು ಹದಿನೈದು ಎಣಿಸೋವಷ್ಟು. ನಾನು ಎಣಿಸಿದವಳಲ್ಲ, ಬೈದವಳು."

ಆಫ್ ಮಾಡಿ ಮತ್ತೆ ಕಾದೆವು. ಹುಡುಗಿ ಮೊಣಕಾಲೂರಿ ಹಚ್ಚಿದಳು, ನಾಬ್ ಬಿಡಲಿಲ್ಲ. ನಾಚಿಕೊಂಡು ಪಿಸುಗುಟ್ಟಿದಳು. "ಏಳೋ ಸೋಮಾರಿ, ಬೆಳಗಾಯ್ತು..."

"ಜೋರಾಗಿ ಹೇಳೇ, ಅದಕ್ಕೂ ನನ್ನ ಹಾಗೇ ಕಿವಿ ಮಂದ!"

ಹುಡುಗಿ ನಗುತ್ತಲೇ ಪೂರ್ತಿ ಬೈದಳು. ಮೆಲ್ಲಗೆ ಬೆರಳು ತೆಗೆದಳು. ನಾವು ಮೂವರೂ ಬಗ್ಗಿ ನೋಡಿದೆವು. ಉರಿ ಆರದೆ ನಿಂತಿತು.

ಓವನ್ ಕಾಯುವಷ್ಟರಲ್ಲಿ ಅವಳು ಬನ್ ಉಂಡೆ ಕಟ್ಟಿ ಟ್ರೇಗೆ ಜೋಡಿಸಿ, ಇನ್ನೊಮ್ಮೆ ಉಬ್ಬಲು ಬಿಟ್ಟಳು. ಮೊದಲ ಟ್ರೇಯ ತಳ ಸ್ವಲ್ಪ ಕಪ್ಪಾಯಿತು. ಎರಡನೆಯದು ಓವನ್ನಿನೊಳಗೆ ಒಂದು ಹಂತ ಮೇಲೆ ಹೋಗಿ ಹೊಂಬಣ್ಣಕ್ಕೆ ಬಂತು. ಸೋಮವಾರ ಮಧ್ಯಾಹ್ನ ಹುಡುಗಿ ಖಾಲಿ ಟ್ರೇ ಹಿಡಿದು ಮೆಟ್ಟಿಲ ಬುಡದಿಂದಲೇ ಕೂಗಿದಳು. "ಅಮ್ಮಾ, ನಾಳೆಯಿಂದ ಸ್ವಲ್ಪ ಚಿಕ್ಕದು ಮಾಡ್ಬೇಕಂತೆ, ದಿನಾ ತರಬೇಕಂತೆ!"

ಆ ಸಂಜೆ ಬಿಸ್ಕತ್ತಮ್ಮ ಕಾಗದ ತರಿಸಿಕೊಂಡು, "ತಪ್ಪು ಅದರದ್ದಲ್ಲ" ಅನ್ನುವ ಸಾಲನ್ನು ನನ್ನ ಕೈಯಲ್ಲೇ ಹೊಡೆದುಹಾಕಿಸಿದಳು. ಅದರ ಕೆಳಗೆ ಬರೆಸಿದಳು. "ಬೆಂಕಿ ಹೊತ್ತಿದ ಮೇಲೂ ನಾಬ್ ಒತ್ತಿಯೇ ಹಿಡಿದಿರು. ಬೈಗುಳ ಪೂರ್ತಿ ಹೇಳಿ ಮುಗಿಸಿ ಬಿಡು. ಹೊತ್ತಲಿಲ್ಲ ಅಂದರೆ ಕರಿ, ನಾನು ಮೇಲೆಯೇ ಇರ್ತೀನಿ."

ಮಂಗಳವಾರ ಬೆಳಿಗ್ಗೆ ಬಿಸ್ಕತ್ತಮ್ಮ ನಮ್ಮ ಮಹಡಿಯ ಚಿಕ್ಕ ಒಲೆಯ ಮೇಲೆ ಹಾಲಿಟ್ಟು ಕಿಟಕಿಗೆ ಬಂದು ನನ್ನ ಪಕ್ಕ ನಿಂತಳು.

"ಏನು ಕೇಳಿಸ್ತಿದೆ ಅಕ್ಕಾ?"

"ಚಿಮ್ನಿ ಹಾಕಿದ್ಳು. ಟಕ್ ಟಕ್ ಅಂತು. ಈಗ ಬೈತಿದ್ದಾಳೆ."

"ಸರಿಯಾಗಿ ಬೈತಿದ್ದಾಳಾ?"

"ನಿನಗಿಂತ ಚೆನ್ನಾಗಿ."

ಅಷ್ಟರಲ್ಲಿ ಹಿಂದೆ ಸುಂಯ್ ಅಂತ ಹಾಲು ಉಕ್ಕಿತು. ಅವಳು ಓಡಿಹೋಗಿ ಒಲೆ ಆರಿಸಿದಳು. ಬರ್ನರ್ ತಣ್ಣಗಾಗುವವರೆಗೆ ಕಾಫಿ ಬೆರೆಸಿ ನನಗೂ ಒಂದು ಲೋಟ ಕೊಟ್ಟಳು. ಆಮೇಲೆ ಬಿಲ್ಲೆ ಎತ್ತಿ ಸೋಪು ನೀರಲ್ಲಿ ತೊಳೆದಳು, ಸೂಜಿಯಿಂದ ಒಂದೊಂದೇ ತೂತು ಬಿಡಿಸಿದಳು, ಸೀರೆಯ ಸೆರಗಿಗೆ ಒರೆಸಿ ಕಿಟಕಿಯ ಬಿಸಿಲಿಗೆ ಒಣಗಲು ಇಟ್ಟಳು.